ಅಂಕಿ ಒಂದೇ, ಚಿತ್ರ ಮೂರು

ಎಕ್ಸೆಲ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಬೇಡ ಎನ್ನುವುದನ್ನು ಕಲಿತಿಲ್ಲ. ಒಂದಿಷ್ಟು ಅಂಕಿಗಳನ್ನು ಆಯ್ದು ಬಾರ್ ಚಾರ್ಟ್ ಕೇಳಿದರೆ ಬಾರ್ ಕೊಡುತ್ತದೆ, ಲೈನ್ ಗ್ರಾಫ್ ಕೇಳಿದರೆ ಗೆರೆ ಎಳೆಯುತ್ತದೆ, ಪೈ ಚಾರ್ಟ್ ಕೇಳಿದರೆ ಬಣ್ಣಬಣ್ಣದ ಹೋಳುಗಳನ್ನು ಹರಡುತ್ತದೆ. ಆ ಅಂಕಿಗಳಿಗೆ ಆ ಚಿತ್ರ ಒಪ್ಪುತ್ತದೆಯೇ ಎಂದು ಅದು ಕೇಳುವುದಿಲ್ಲ. ಹೀಗಾಗಿ ಕಾಲೇಜಿನ ಪ್ರಾಜೆಕ್ಟ್ ವರದಿಗಳಲ್ಲಿ ಚಿತ್ರದ ಆಯ್ಕೆ ಬಹುಮಟ್ಟಿಗೆ ಕಣ್ಣಿಗೆ ಯಾವುದು ಚೆಂದ ಕಂಡಿತು ಎಂಬುದರ ಮೇಲೆ ನಿಂತಿರುತ್ತದೆ. ಒಂದು ಪುಟದಲ್ಲಿ ಪೈ ಬಂದಿದೆ, ಮುಂದಿನ ಪುಟದಲ್ಲೂ ಅದೇ ಯಾಕೆ ಎಂದು ಲೈನ್ ಹಾಕುವವರೂ ಇದ್ದಾರೆ.

ಪಠ್ಯಪುಸ್ತಕ ಹೇಳುವ ಸೂತ್ರ ಸರಳ: ಹೋಲಿಕೆಗೆ ಬಾರ್, ಕಾಲಕ್ಕೆ ಲೈನ್, ಪಾಲಿಗೆ ಪೈ. ಸೂತ್ರ ತಪ್ಪಲ್ಲ. ಆದರೆ ಬಾಯಿಪಾಠ ಮಾಡಿಕೊಂಡವರು ಅದನ್ನು ಪಾಲಿಸಿಯೂ ಎಡವುತ್ತಾರೆ, ಏಕೆಂದರೆ ಪ್ರತಿಯೊಂದು ಚಿತ್ರವೂ ನೋಡುವವರಿಗೆ ಸದ್ದಿಲ್ಲದೆ ಒಂದು ಮಾತು ಕೊಡುತ್ತದೆ ಎಂಬುದನ್ನು ಸೂತ್ರ ಹೇಳುವುದಿಲ್ಲ. ಪಟ್ಟಿಯ ಉದ್ದ ಎಷ್ಟೋ ಪ್ರಮಾಣವೂ ಅಷ್ಟೇ ಎಂದು ಬಾರ್ ಹೇಳುತ್ತದೆ. ಈ ಬಿಂದುವಿನಿಂದ ಆ ಬಿಂದುವಿಗೆ ಹೋಗುವ ದಾರಿಯಲ್ಲೂ ಏನೋ ಇತ್ತು ಎಂದು ಗೆರೆ ಹೇಳುತ್ತದೆ. ಈ ಹೋಳುಗಳೆಲ್ಲ ಸೇರಿದರೆ ಒಂದು ಇಡೀ ವಸ್ತು ಆಗುತ್ತದೆ, ಯಾವುದೂ ಹೊರಗೆ ಉಳಿದಿಲ್ಲ ಎಂದು ಪೈ ಹೇಳುತ್ತದೆ. ನಮ್ಮ ಅಂಕಿಗಳು ಆ ಮಾತನ್ನು ಉಳಿಸಿಕೊಳ್ಳುವುದಿಲ್ಲ ಎಂದಾದರೆ ಚಿತ್ರ ಎಷ್ಟೇ ಚೆಂದವಿದ್ದರೂ ಸುಳ್ಳಾಗುತ್ತದೆ.

ಇದನ್ನು ಬರೀ ಮಾತಿನಲ್ಲಿ ಹೇಳುವ ಬದಲು ಕೈಗೆ ಸಿಗುವ ಅಂಕಿಗಳನ್ನೇ ಹಿಡಿಯೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಆಗ ಇದ್ದ ಜಿಲ್ಲೆಗಳು 30. ವಿಜಯನಗರ ಜಿಲ್ಲೆ ಇನ್ನೂ ಆಗಿರಲಿಲ್ಲ. ಇದೊಂದೇ ಗಣತಿಯ ಕೋಷ್ಟಕಗಳಿಂದ ಮೂರು ಬಗೆಯ ಚಿತ್ರಗಳನ್ನೂ ಬರೆಯಬಹುದು, ಮೂರನ್ನೂ ಕೆಡಿಸಲೂಬಹುದು.

ಮೊದಲು ಸಾಕ್ಷರತೆ. ಏಳು ವರ್ಷ ಮೇಲ್ಪಟ್ಟವರಲ್ಲಿ ಓದುಬರಹ ಬಲ್ಲವರು ದಕ್ಷಿಣ ಕನ್ನಡದಲ್ಲಿ ನೂರಕ್ಕೆ 89, ಬೆಂಗಳೂರು ನಗರ ಜಿಲ್ಲೆಯಲ್ಲಿ 88, ಉಡುಪಿಯಲ್ಲಿ 86, ರಾಯಚೂರಿನಲ್ಲಿ 60, ಯಾದಗಿರಿಯಲ್ಲಿ 52. ದಶಾಂಶ ಬಿಟ್ಟು ಹತ್ತಿರದ ಪೂರ್ಣಾಂಕ ಕೊಟ್ಟಿದ್ದೇನೆ. ಇಲ್ಲಿ ಕೇಳಬೇಕಾದದ್ದು ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ, ಎಷ್ಟು ಹಿಂದೆ ಎಂದು. ಹಾಗಾಗಿ ಬಾರ್ ಚಾರ್ಟ್.

ಇದೇ ಐದು ಅಂಕಿಗಳಿಗೆ ಲೈನ್ ಹಾಕಿದರೆ ದಕ್ಷಿಣ ಕನ್ನಡದಿಂದ ಯಾದಗಿರಿಯವರೆಗೆ ಒಂದು ಇಳಿಜಾರು ಮೂಡುತ್ತದೆ. ಏನೋ ಕುಸಿಯಿತು ಅನ್ನಿಸುತ್ತದೆ. ಆದರೆ ಉಡುಪಿಗೂ ರಾಯಚೂರಿಗೂ ನಡುವಿನ ಗೆರೆಯ ಮೇಲೆ ಬೆರಳಿಟ್ಟು ಇದು ಯಾವ ಜಿಲ್ಲೆ ಎಂದು ಕೇಳಿದರೆ ಉತ್ತರವಿಲ್ಲ. ಜಿಲ್ಲೆಗಳ ಕ್ರಮ ಬದಲಿಸಿದರೆ ಗೆರೆಯ ಆಕಾರವೇ ಬದಲಾಗುತ್ತದೆ. ಅಂಥ ಗೆರೆಗೆ ಅರ್ಥವಿಲ್ಲ ಎಂದು ತಿಳಿಯಲು ಈ ಪರೀಕ್ಷೆಯೇ ಸಾಕು. ಪೈ ಹಾಕಿದರೆ ಇನ್ನೂ ವಿಚಿತ್ರ. ಐದನ್ನೂ ಕೂಡಿದರೆ 375 ಆಗುತ್ತದೆ. ಸಾಫ್ಟ್‌ವೇರ್ ಆ 375ನ್ನೇ ಇಡೀ ವೃತ್ತವೆಂದುಕೊಂಡು ದಕ್ಷಿಣ ಕನ್ನಡದ ಹೋಳಿನ ಮೇಲೆ 24% ಎಂದು ಬರೆಯುತ್ತದೆ. ಯಾವುದರಲ್ಲಿ 24? ಯಾವುದರಲ್ಲೂ ಅಲ್ಲ. ಬೇರೆ ಬೇರೆ ಜಿಲ್ಲೆಗಳ ಶೇಕಡಾವಾರುಗಳನ್ನು ಕೂಡಿದರೆ ಏನೂ ಆಗುವುದಿಲ್ಲ. ಆದರೂ ಪ್ರತಿ ಅಂಕಿಯ ಮುಂದೆ ಶೇಕಡಾ ಚಿಹ್ನೆ ಇದ್ದದ್ದೇ ಪೈಗೆ ಪರವಾನಗಿ ಎಂದು ತಿಳಿಯುವುದು ವಿದ್ಯಾರ್ಥಿಗಳಲ್ಲಿ ಬಹಳ ಸಾಮಾನ್ಯ.

ಬಾರ್ ಆಯ್ದುಕೊಂಡ ಮೇಲೂ ಒಂದು ಅಪಾಯ ಉಳಿದಿದೆ. ಎಲ್ಲ ಅಂಕಿಗಳೂ 50ಕ್ಕಿಂತ ಮೇಲಿವೆ, ಕೆಳಗಿನ ಜಾಗ ಸುಮ್ಮನೆ ಯಾಕೆ ಎಂದು ಅಕ್ಷವನ್ನು 50ರಿಂದ ಶುರುಮಾಡಿದಿರಿ ಎನ್ನಿ. ಆಗ ದಕ್ಷಿಣ ಕನ್ನಡದ ಪಟ್ಟಿಗೆ 39 ಅಳತೆಯ ಉದ್ದ, ಯಾದಗಿರಿಗೆ ಬರೀ 2. ನಿಜದಲ್ಲಿ 89 ಎಂಬುದು 52ರ ಸುಮಾರು 1.7 ಪಟ್ಟು, ಚಿತ್ರದಲ್ಲಿ ಅದು ಹೆಚ್ಚುಕಡಿಮೆ 20 ಪಟ್ಟಾಗಿ ನಿಂತಿದೆ. ಯಾದಗಿರಿಯಲ್ಲಿ ಓದಿದವರೇ ಇಲ್ಲವೇನೋ ಎಂಬಂತೆ ಪಟ್ಟಿ ನೆಲಕ್ಕೆ ಅಂಟಿರುತ್ತದೆ. ಬಾರ್ ಮಾತು ಕೊಡುವುದು ಉದ್ದದ ಮೇಲೆ. ಬುಡ ಕತ್ತರಿಸಿದರೆ ಮಾತು ಮುರಿಯಿತು. ಅದಕ್ಕೇ ಬಾರ್ ಚಾರ್ಟಿನ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಇದಕ್ಕೆ ರಿಯಾಯಿತಿ ಕೊಡಬಾರದು ಎಂಬುದು ನನ್ನ ಹಟ.

ಈ ತಪ್ಪನ್ನು ಬೇಕೆಂದು ಮಾಡುವವರಿಗಿಂತ ಗೊತ್ತಿಲ್ಲದೆ ಮಾಡುವವರು ಹೆಚ್ಚು. ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದಾಗ ಎಕ್ಸೆಲ್ ತಾನಾಗಿಯೇ ಸೊನ್ನೆಯನ್ನು ಕೈಬಿಟ್ಟು ಮೇಲಿನಿಂದ ಅಕ್ಷ ಹಾಕುತ್ತದೆ. ದಕ್ಷಿಣ ಕನ್ನಡ, ಬೆಂಗಳೂರು ನಗರ, ಉಡುಪಿ, ಈ ಮೂರನ್ನಷ್ಟೇ ಕೊಟ್ಟು ನೋಡಿ: ಎರಡು ಮೂರು ಅಂಶಗಳ ವ್ಯತ್ಯಾಸ ಬೆಟ್ಟವಾಗಿ ಕಾಣುತ್ತದೆ. ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ `Format Axis` ತೆರೆದು `Minimum` ಎದುರು 0 ಎಂದು ಹಾಕಿದರೆ ಬೆಟ್ಟ ಕರಗಿ ಮೂರೂ ಪಟ್ಟಿಗಳು ಸರಿಸುಮಾರು ಸಮನಾಗುತ್ತವೆ. ನಿಜವೂ ಅದೇ.

ಮೂವತ್ತೂ ಜಿಲ್ಲೆಗಳನ್ನು ತೋರಿಸುವುದಾದರೆ ಇನ್ನೆರಡು ಕೆಲಸಗಳಿವೆ. ನಿಲುವಾದ ಪಟ್ಟಿಗಳ ಕೆಳಗೆ ‘ಬೆಂಗಳೂರು ಗ್ರಾಮಾಂತರ’, ‘ಚಿಕ್ಕಬಳ್ಳಾಪುರ’ ಎಂಬ ಹೆಸರುಗಳು ಹಿಡಿಸುವುದಿಲ್ಲ. ಸಾಫ್ಟ್‌ವೇರ್ ಅವನ್ನು ಓರೆಯಾಗಿ ತಿರುಗಿಸುತ್ತದೆ, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಓದಲಾಗದು. ಪಟ್ಟಿಗಳನ್ನು ಅಡ್ಡ ಮಲಗಿಸಿ, ಹೆಸರುಗಳು ಎಡಗಡೆ ಸಾಲಾಗಿ ನೆಟ್ಟಗೆ ಬರುತ್ತವೆ. ಎಕ್ಸೆಲ್‌ನಲ್ಲಿ `Column` ಎಂದರೆ ನಿಲುವಾದದ್ದು, `Bar` ಎಂದರೆ ಅಡ್ಡ. ಎರಡನೆಯದು, ಕ್ರಮ. ಅಕಾರಾದಿಯಲ್ಲಿ ಜೋಡಿಸಿದರೆ ನೋಡುವವನ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡಬೇಕು. ಹೆಚ್ಚಿನದರಿಂದ ಕಡಿಮೆಗೆ ಜೋಡಿಸಿದರೆ ತನ್ನ ಜಿಲ್ಲೆ ಎಷ್ಟನೆಯದು ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಅಡ್ಡ ಪಟ್ಟಿಗಳಲ್ಲಿ ಎಕ್ಸೆಲ್ ಮೊದಲ ಸಾಲನ್ನು ತಳದಲ್ಲಿ ಇಡುತ್ತದೆ, ಗಾಬರಿ ಬೇಡ. ಅಕ್ಷದ ಆಯ್ಕೆಗಳಲ್ಲಿ `Categories in reverse order` ಗುರುತು ಹಾಕಿದರೆ ತಿರುಗಿಕೊಳ್ಳುತ್ತದೆ.

ಇಷ್ಟು ಉಪಯುಕ್ತವಾದ ಬಾರ್ ಚಾರ್ಟ್ ಹುಟ್ಟಿದ್ದು ಒಂದು ಕೊರತೆಯಿಂದ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವಾಣಿಜ್ಯದ ಅಟ್ಲಾಸಿನಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ವರ್ಷವರ್ಷಕ್ಕೂ ಗೆರೆಯಾಗಿ ಎಳೆದು ತೋರಿಸಿದ. ಸ್ಕಾಟ್ಲೆಂಡಿನ ವ್ಯಾಪಾರದ ಸರದಿ ಬಂದಾಗ ಅವನ ಬಳಿ ಇದ್ದದ್ದು ಒಂದೇ ವರ್ಷದ ಲೆಕ್ಕ. ಒಂದೇ ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಹಾಗಾಗಿ ಸ್ಕಾಟ್ಲೆಂಡ್ ವ್ಯವಹರಿಸಿದ 17 ನಾಡುಗಳಿಗೆ ಒಂದೊಂದು ಜೋಡಿ ಪಟ್ಟಿ ಎಳೆದ. ಕಾಲವೇ ಇಲ್ಲದ ಈ ಚಿತ್ರದ ಬಗ್ಗೆ ಅವನಿಗೆ ಅಷ್ಟೇನೂ ಮೆಚ್ಚುಗೆ ಇರಲಿಲ್ಲ, ಉಳಿದವಕ್ಕಿಂತ ಇದು ಕಡಿಮೆ ಉಪಯೋಗದ್ದೆಂದೇ ಬರೆದ. ಪೈ ಚಾರ್ಟ್ ಕೂಡ ಅವನದೇ, 1801ರ ಇನ್ನೊಂದು ಪುಸ್ತಕದಲ್ಲಿ ಬಂದದ್ದು. ಮೂರೂ ಚಿತ್ರಗಳ ಮೂಲಕರ್ತೃ ಒಬ್ಬನೇ. ಮತ್ತು ಅವನು ಆಯ್ಕೆ ಮಾಡಿದ್ದು ಕೈಯಲ್ಲಿದ್ದ ಅಂಕಿಗಳ ಸ್ವಭಾವ ನೋಡಿ.

ಈಗ ಕಾಲದ ಪ್ರಶ್ನೆಗೆ ಬರೋಣ. ಕರ್ನಾಟಕದ ಜನಸಂಖ್ಯೆ 1951ರಲ್ಲಿ 1.94 ಕೋಟಿ, 1971ರಲ್ಲಿ 2.93 ಕೋಟಿ, 2001ರಲ್ಲಿ 5.29 ಕೋಟಿ, 2011ರಲ್ಲಿ 6.11 ಕೋಟಿ. ನಡುವಿನ ಗಣತಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ವಿದ್ಯಾರ್ಥಿಗಳು ಗ್ರಂಥಾಲಯದಿಂದ ತರುವ ಕೋಷ್ಟಕಗಳಲ್ಲಿ ಹೀಗೆ ವರ್ಷಗಳು ಬಿಟ್ಟುಹೋಗಿರುವುದು ಸಾಮಾನ್ಯ. ಜನಸಂಖ್ಯೆ ಎರಡು ಗಣತಿಗಳ ನಡುವೆಯೂ ಇರುತ್ತದೆ, ಮೆಲ್ಲಗೆ ಬೆಳೆಯುತ್ತಿರುತ್ತದೆ. ಹಾಗಾಗಿ ಗೆರೆ ಇಲ್ಲಿ ಒಪ್ಪುತ್ತದೆ.

ಮೊದಲ ಯತ್ನದಲ್ಲಿ ಎಕ್ಸೆಲ್ ಹೆಚ್ಚಾಗಿ ಎರಡು ಗೆರೆ ಎಳೆದುಬಿಡುತ್ತದೆ: ಒಂದು 2000ದ ಎತ್ತರದಲ್ಲಿ ಹೆಚ್ಚುಕಡಿಮೆ ಚಪ್ಪಟೆಯಾಗಿ, ಇನ್ನೊಂದು ತಳಕ್ಕೆ ಅಂಟಿಕೊಂಡು. ಮೇಲಿನದು ಬೇರೇನಲ್ಲ, 1951, 1971 ಎಂಬ ಇಸವಿಗಳು. ಅವೂ ಸಂಖ್ಯೆಗಳಾದ್ದರಿಂದ ಎಕ್ಸೆಲ್ ಅವನ್ನೂ ಅಂಕಿಅಂಶ ಎಂದೇ ಎಣಿಸಿತು. ಕೆಳಗೆ ಅಂಟಿಕೊಂಡದ್ದೇ ಪಾಪ ನಮ್ಮ ಜನಸಂಖ್ಯೆ. ಇಸವಿಗಳ ಕಾಲಂನ ಶೀರ್ಷಿಕೆಯ ಖಾನೆಯನ್ನು ಖಾಲಿ ಬಿಟ್ಟು ಮತ್ತೆ ಚಾರ್ಟ್ ಹಾಕಿದರೆ ಅವು ಅಕ್ಷದ ಕೆಳಗೆ ಹೋಗಿ ಕೂರುತ್ತವೆ.

ಅದು ಕಣ್ಣಿಗೆ ರಾಚುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಹಿಡಿಯಲಾಗದ ತಪ್ಪು ಆಮೇಲೆ ಬರುತ್ತದೆ. ಎಕ್ಸೆಲ್‌ನ ಸಾಮಾನ್ಯ `Line` ಚಾರ್ಟ್ ಅಕ್ಷದ ಮೇಲಿನ ಇಸವಿಗಳನ್ನು ಹೆಸರುಗಳಂತೆ ನೋಡುತ್ತದೆ, ಸಮ ಅಂತರದಲ್ಲಿ ಇಡುತ್ತದೆ. 1951ರಿಂದ 1971ಕ್ಕೆ 20 ವರ್ಷ, ಅಲ್ಲಿಂದ 2001ಕ್ಕೆ 30 ವರ್ಷ, ಕೊನೆಯದು ಬರೀ 10 ವರ್ಷ. ಚಿತ್ರದಲ್ಲಿ ಮೂರಕ್ಕೂ ಒಂದೇ ಅಗಲ. ಏನು ಕಾಣುತ್ತದೆ? ಮೊದಲ ಹಂತದಲ್ಲಿ ಸುಮಾರು 99 ಲಕ್ಷದ ಏರಿಕೆ, ನಡುವೆ 2.36 ಕೋಟಿಯ ದೊಡ್ಡ ಜಿಗಿತ, ಕೊನೆಗೆ 82 ಲಕ್ಷಕ್ಕೆ ಇಳಿದ ಓರೆ. ಚಿತ್ರ ನೋಡಿದವರು ‘ಈಗ ಜನಸಂಖ್ಯೆಯ ಏರಿಕೆ ತೀರಾ ತಗ್ಗಿದೆ’ ಎಂದು ಧೈರ್ಯವಾಗಿ ಬರೆದುಬಿಡುತ್ತಾರೆ.

ವರ್ಷಕ್ಕೆ ಎಷ್ಟು ಎಂದು ಭಾಗಿಸಿ ನೋಡಿ. ಮೊದಲ 20 ವರ್ಷಗಳಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಜನ ಸೇರಿದ್ದಾರೆ. ನಡುವಿನ 30 ವರ್ಷಗಳಲ್ಲಿ ವರ್ಷಕ್ಕೆ 7.9 ಲಕ್ಷ. ಕೊನೆಯ ಹತ್ತರಲ್ಲಿ 8.2 ಲಕ್ಷ. ಸೇರುವ ಜನರ ಎಣಿಕೆ ಕಡಿಮೆಯಾಗಿಲ್ಲ, ಚೂರು ಹೆಚ್ಚೇ ಆಗಿದೆ. ಕೊನೆಯ ಗೆರೆ ಚಪ್ಪಟೆಯಾಗಿ ಕಂಡದ್ದು ಜನಸಂಖ್ಯೆಯ ಗುಣದಿಂದ ಅಲ್ಲ, ಅಕ್ಷದ ಅಂತರದಿಂದ. ಇಂಥ ಕೋಷ್ಟಕಕ್ಕೆ `XY (Scatter)` ಆಯ್ದು, ಬಿಂದುಗಳನ್ನು ಗೆರೆಯಿಂದ ಸೇರಿಸುವ ಮಾದರಿ ತೆಗೆದುಕೊಳ್ಳಬೇಕು. ಆಗ ಇಸವಿಗಳು ನಿಜವಾದ ದೂರದಲ್ಲಿ ನಿಲ್ಲುತ್ತವೆ. ನಿಮ್ಮ ಚಿತ್ರ ಸರಿಯಿದೆಯೇ ಎಂದು ತಿಳಿಯಲು ಅಕ್ಷದ ಮೇಲೆ ಸ್ಕೇಲ್ ಇಟ್ಟು 1971 ಮತ್ತು 2001ರ ನಡುವಿನ ದೂರ 2001 ಮತ್ತು 2011ರ ನಡುವಿನದರ ಮೂರು ಪಟ್ಟು ಇದೆಯೇ ಎಂದು ಅಳೆದರೆ ಆಯಿತು.

ಲೈನ್ ಗ್ರಾಫಿಗೆ ಸೊನ್ನೆಯ ಕಟ್ಟುಪಾಡು ಇಲ್ಲ. ಗೆರೆಯಲ್ಲಿ ಕಣ್ಣು ಓದುವುದು ಓರೆಯನ್ನು, ಉದ್ದವನ್ನಲ್ಲ. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಶುರುಮಾಡಿದರೆ 98ಕ್ಕೂ 103ಕ್ಕೂ ಅಂತರವೇ ಕಾಣದು, ಯಾವ ನರ್ಸೂ ಅದನ್ನು ಒಪ್ಪಲಾರಳು. ಅಕ್ಷ ಎಲ್ಲಿಂದ ಶುರುವಾಗಿದೆ ಎಂಬುದು ಓದುವಂತೆ ಬರೆದಿದ್ದರೆ ಸಾಕು.

ಕಾಲ ಎಂದರೆ ಯಾವಾಗಲೂ ಗೆರೆಯೇ ಎಂದೂ ಅಲ್ಲ. ವಿಧಾನಸಭೆಯಲ್ಲಿ ಒಂದು ಪಕ್ಷ ಚುನಾವಣೆಯಿಂದ ಚುನಾವಣೆಗೆ ಗೆದ್ದ ಸ್ಥಾನಗಳನ್ನು ತೋರಿಸಬೇಕಾದರೆ ನಾನು ಬಾರ್ ಹಾಕುತ್ತೇನೆ. 2018ರ ಫಲಿತಾಂಶಕ್ಕೂ 2023ರ ಫಲಿತಾಂಶಕ್ಕೂ ನಡುವೆ, 2020ರಲ್ಲಿ ‘ಇಷ್ಟು ಗೆದ್ದಿದ್ದರು’ ಎಂಬ ಅಂಕಿ ಇಲ್ಲವೇ ಇಲ್ಲ. ಗೆರೆ ಆ ಖಾಲಿಯನ್ನು ತುಂಬಿಬಿಡುತ್ತದೆ.

ಪೈ ಚಾರ್ಟನ್ನು ತರಗತಿಯಲ್ಲಿ ಬೈಯುವುದು ಈಗೊಂದು ಫ್ಯಾಷನ್. ಬೈಗುಳಕ್ಕೆ ಆಧಾರವಿದೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಅಕ್ಷದ ಮೇಲಿನ ಸ್ಥಾನಗಳನ್ನು ಹೋಲಿಸುವಾಗ ಜನರ ಅಂದಾಜು ಹೆಚ್ಚು ನಿಖರವಾಗಿತ್ತು, ಕೋನಗಳನ್ನು ಹೋಲಿಸುವಾಗ ಹೆಚ್ಚು ತಪ್ಪಿತ್ತು. ಮೂವತ್ತು ಜಿಲ್ಲೆಗಳ ಜನಸಂಖ್ಯೆಯನ್ನು ಪೈ ಮಾಡಿದರೆ ಇದು ತಾನೇ ಗೊತ್ತಾಗುತ್ತದೆ. ಇಲ್ಲಿ ಹೋಳುಗಳು ಸೇರಿ ಇಡೀ ರಾಜ್ಯವಾಗುವುದು ನಿಜ, ಮಾತು ಮುರಿದಿಲ್ಲ. 96 ಲಕ್ಷದ ಬೆಂಗಳೂರು ನಗರ ಜಿಲ್ಲೆ 57 ಡಿಗ್ರಿ ಹಿಡಿಯುತ್ತದೆ, ಕಾಣುತ್ತದೆ. ಅದರ ಅರ್ಧದಷ್ಟು ಬೆಳಗಾವಿ. ಆಮೇಲಿನದು ಬರೀ ಎಳೆಗಳು: 26.8 ಲಕ್ಷದ ತುಮಕೂರು, 25.7 ಲಕ್ಷದ ಕಲಬುರಗಿ. ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರ ವ್ಯತ್ಯಾಸ ಇಲ್ಲಿ ಒಂದು ಡಿಗ್ರಿಯೂ ಆಗುವುದಿಲ್ಲ. ಮೂವತ್ತು ಬಣ್ಣಗಳನ್ನು ಪಕ್ಕದ ಸೂಚಿಯೊಂದಿಗೆ ಹೊಂದಿಸಿ ನೋಡುವಷ್ಟರಲ್ಲಿ ಓದುಗ ಪುಟ ತಿರುವಿರುತ್ತಾನೆ.

ಆದರೆ ಪೈಗೆ ಒಂದು ಶಕ್ತಿ ಇದೆ, ಬಾರ್‌ಗೆ ಅದು ಇಲ್ಲ. ಅರ್ಧ ಎಲ್ಲಿ, ಕಾಲು ಎಲ್ಲಿ ಎಂದು ವೃತ್ತದಲ್ಲಿ ಅಳೆಯದೆಯೇ ತಿಳಿಯುತ್ತದೆ. 2023ರ ವಿಧಾನಸಭೆಯ 224 ಸ್ಥಾನಗಳು ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4 ಎಂದು ಹಂಚಿಹೋದವು. ಕೇಳಬೇಕಾದದ್ದು ಯಾರಾದರೂ ಅರ್ಧ ದಾಟಿದರೇ ಎಂಬುದೊಂದೇ ಆದರೆ ಪೈ ಆ ಉತ್ತರವನ್ನು ಬಾರ್‌ಗಿಂತ ಬೇಗ ಕೊಡುತ್ತದೆ. ದೊಡ್ಡ ಹೋಳನ್ನು 12 ಗಂಟೆಯ ಜಾಗದಿಂದ ಶುರುಮಾಡಿದರೆ ಅದು 6 ಗಂಟೆಯ ಗೆರೆ ದಾಟುವುದು ಯಾರ ಕಣ್ಣಿಗೂ ಬೀಳುತ್ತದೆ. ಹೋಳುಗಳು ನಾಲ್ಕೈದಕ್ಕಿಂತ ಹೆಚ್ಚಾಗಬಾರದು, ಹೆಸರು ಹೋಳಿನ ಪಕ್ಕದಲ್ಲೇ ಇರಬೇಕು. ಮೂರು ಆಯಾಮದ ಪೈ ಮಾತ್ರ ಬೇಡವೇ ಬೇಡ. ಓರೆಯಾಗಿ ಹಿಡಿದ ತಟ್ಟೆಯಂತೆ ಅದರ ಮುಂದಿನ ಅಂಚು ದಪ್ಪಗಾಗಿ, ಮುಂದೆ ಬಂದ ಹೋಳು ತನ್ನ ಪಾಲಿಗಿಂತ ಹಿಗ್ಗಿ ಕಾಣುತ್ತದೆ.

ಪೈ ಸೋಲುವುದು ಪಾಲು ಬದಲಾಗುವುದನ್ನು ತೋರಿಸಬೇಕಾದಾಗ. 2011ರಲ್ಲಿ ರಾಜ್ಯದ ನೂರರಲ್ಲಿ 38.67 ಜನ ನಗರ ಪಟ್ಟಣಗಳಲ್ಲಿದ್ದರು, ಉಳಿದವರು ಹಳ್ಳಿಗಳಲ್ಲಿ. ಒಂದು ಗಣತಿಗೆ ಒಂದು ಪೈ ಸೊಗಸಾಗಿಯೇ ಇರುತ್ತದೆ. 2001ರಲ್ಲಿ ನಗರದ ಪಾಲು 33.99 ಇತ್ತು. ಎರಡು ಪೈಗಳನ್ನು ಅಕ್ಕಪಕ್ಕ ಇಟ್ಟರೆ ಒಂದರಲ್ಲಿ 122 ಡಿಗ್ರಿಯ ಹೋಳು, ಇನ್ನೊಂದರಲ್ಲಿ 139. ಯಾವುದು ದೊಡ್ಡದು ಎಂದು ಹೇಳಲು ಹೋಳಿನ ಮೇಲಿನ ಅಂಕಿಯನ್ನೇ ಓದಬೇಕು. ಅಂಕಿಯನ್ನೇ ಓದಬೇಕಾದರೆ ಚಿತ್ರ ಯಾಕೆ? ಇಲ್ಲಿ ನಗರದ ಪಾಲನ್ನಷ್ಟೇ ತೆಗೆದುಕೊಂಡು 1951ರಿಂದ 2011ರವರೆಗಿನ ಏಳು ಗಣತಿಗಳಿಗೆ ಒಂದು ಗೆರೆ ಎಳೆಯುವುದು ಮೇಲು. ಹಳ್ಳಿಯ ಪಾಲಿಗೆ ಬೇರೆ ಗೆರೆ ಬೇಡ, ನೂರರಲ್ಲಿ ಉಳಿದದ್ದೇ ಅದು.

ಆ ಗೆರೆ ಎಳೆದರೆ ಪೈಗಳು ಎಂದೂ ತೋರಿಸದಿದ್ದ ಒಂದು ಸಂಗತಿ ಎದುರಾಗುತ್ತದೆ. 1951ರಲ್ಲಿ 22.95 ಇದ್ದ ನಗರದ ಪಾಲು 1961ರಲ್ಲಿ 22.33ಕ್ಕೆ ಇಳಿದು, ಅಲ್ಲಿಂದ ಮುಂದೆ ಪ್ರತಿ ಗಣತಿಯಲ್ಲೂ ಏರಿದೆ. ಆ ಹತ್ತು ವರ್ಷಗಳಲ್ಲಿ ಜನ ಪಟ್ಟಣ ಬಿಟ್ಟು ಹಳ್ಳಿಗೆ ಹೋದರೇ? ಹಾಗೆಂದು ಬರೆಯುವ ಮುನ್ನ ಕೋಷ್ಟಕದ ಅಡಿಟಿಪ್ಪಣಿ ನೋಡಬೇಕು. ಪಟ್ಟಣ ಎಂದರೆ ಏನು ಎಂಬ ಅಳತೆಯನ್ನು 1961ರ ಗಣತಿಯಲ್ಲಿ ಬಿಗಿಗೊಳಿಸಲಾಯಿತು: ಪುರಸಭೆಯಂಥ ಆಡಳಿತ ಇಲ್ಲದ ಊರಾದರೆ ಕನಿಷ್ಠ 5,000 ಜನ, ನಿಗದಿತ ಜನಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ಕೆಲಸದಲ್ಲಿ ಇರಬೇಕು. ಹಿಂದಿನ ಗಣತಿಯಲ್ಲಿ ಪಟ್ಟಣ ಎನಿಸಿಕೊಂಡಿದ್ದ ದೇಶದ ಎಷ್ಟೋ ಊರುಗಳು ಹೊಸ ಅಳತೆಯಲ್ಲಿ ಹಳ್ಳಿಗಳಾದವು. ಯಾರೂ ಮನೆ ಬದಲಿಸದೆಯೂ ಗೆರೆ ಕೆಳಗಿಳಿಯಬಹುದು.

1951ರ ಅಂಕಿಯಲ್ಲೇ ಇನ್ನೊಂದು ತೊಡಕಿದೆ. ಆಗ ಇಂದಿನ ಕರ್ನಾಟಕ ಇರಲಿಲ್ಲ. ಅಂದಿನ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 90 ಲಕ್ಷ, 1.94 ಕೋಟಿ ಎಂಬುದು 1956ರ ಏಕೀಕರಣದ ನಂತರದ ಗಡಿಗಳಿಗೆ ಹೊಂದಿಸಿದ ಲೆಕ್ಕ. ಹಳೆಯ ವರದಿಯಿಂದ 90 ಲಕ್ಷವನ್ನೂ ಹೊಸ ವರದಿಯಿಂದ 1961ರ 2.36 ಕೋಟಿಯನ್ನೂ ಎತ್ತಿಕೊಂಡರೆ, ಹತ್ತೇ ವರ್ಷದಲ್ಲಿ ಜನ ಎರಡೂವರೆ ಪಟ್ಟಿಗೂ ಹೆಚ್ಚಾದರು ಎಂದು ಗೆರೆ ಸಾರುತ್ತದೆ. ಹೀಗೆ ಗೆರೆ ಹಠಾತ್ತನೆ ಮುರಿದ ಅಥವಾ ಚಿಮ್ಮಿದ ಕಡೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು ಮತ್ತು ಗಡಿಯನ್ನು. ಎರಡೂ ಕಡೆ ಒಂದೇ ಗಡಿಯ ಅಂಕಿ ಸಿಕ್ಕರೆ ಅದನ್ನೇ ಬಳಸಿ. ಅಳತೆ ಬದಲಾದದ್ದನ್ನು ಸರಿಪಡಿಸಲು ಆಗದಿದ್ದರೆ ಆ ವರ್ಷದ ಬಿಂದುವಿನ ಬಳಿ ಒಂದು ನಕ್ಷತ್ರ ಹಾಕಿ, ಚಿತ್ರದ ಕೆಳಗೆ ‘1961ರಿಂದ ಪಟ್ಟಣದ ವ್ಯಾಖ್ಯೆ ಬದಲಾಗಿದೆ’ ಎಂದು ಒಂದು ಸಾಲು ಬರೆಯಿರಿ. ಆ ಸಾಲನ್ನು ವರದಿಯ ಕೊನೆಯ ಪುಟಕ್ಕೆ ತಳ್ಳಬೇಡಿ. ಚಿತ್ರವನ್ನು ಕತ್ತರಿಸಿ ಬೇರೆಡೆ ಅಂಟಿಸುವವರು ಕೊನೆಯ ಪುಟವನ್ನು ಜೊತೆಗೆ ಒಯ್ಯುವುದಿಲ್ಲ.